ವಾಹನದ ಕರ್ಬ್ ತೂಕ, ಒಟ್ಟು ವಾಹನ ತೂಕ ಮತ್ತು ಪೇಲೋಡ್

ಕರ್ಬ್ ತೂಕ, ಒಟ್ಟು ವಾಹನ ತೂಕ (ಜಿ.ವಿ.ಡಬ್ಲ್ಯೂ.) ಮತ್ತು ಪೇಲೋಡ್ ಇವು ಸರಕು ಸಾಗಣೆ ವಾಹನವೊಂದು ಎಷ್ಟು ಭಾರವನ್ನು ಹೊರಬಹುದು ಎಂಬುದನ್ನು ನಿರ್ಧರಿಸುವ ಮೂರು ಅಳತೆಗಳು. ಉಡುಪಿ ಜಿಲ್ಲೆಯ ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ತಾಲೂಕುಗಳಲ್ಲಿ ಮೀನು, ಕೆಂಪು ಕಲ್ಲು (ಮುರಕಲ್ಲು), ಹಂಚು ಮೊದಲಾದ ಸರಕುಗಳನ್ನು ಸಾಗಿಸುವ ಪಿಕಪ್ ಮತ್ತು ಲಾರಿಗಳಿಗೂ ಈ ಅಳತೆಗಳೇ ಅನ್ವಯಿಸುತ್ತವೆ.

ಪದಗಳ ಅರ್ಥ

ಡೀಸೆಲ್, ಎಂಜಿನ್ ಆಯಿಲ್, ರೇಡಿಯೇಟರ್ ನೀರು, ಹೆಚ್ಚುವರಿ ಚಕ್ರ ಮತ್ತು ಸಲಕರಣೆಗಳೊಂದಿಗೆ ಓಡಲು ಸಿದ್ಧವಾಗಿ ನಿಂತ ಖಾಲಿ ವಾಹನದ ತೂಕವೇ ಕರ್ಬ್ ತೂಕ. ಇದರಲ್ಲಿ ಸರಕು ಸೇರುವುದಿಲ್ಲ. ಯುರೋಪಿನ ಕೆಲವು ಲೆಕ್ಕಗಳಲ್ಲಿ ಚಾಲಕನಿಗೆಂದು 75 ಕಿ.ಗ್ರಾಂ ಸೇರಿಸುವುದುಂಟು. ಭಾರತದ ಮೋಟಾರು ವಾಹನಗಳ ಅಧಿನಿಯಮ, 1988 ಇದಕ್ಕೆ ಹತ್ತಿರವಾದ ‘ಅನ್‌ಲೇಡನ್ ವೇಟ್’ (ಖಾಲಿ ತೂಕ) ಎಂಬ ಪದವನ್ನು ಬಳಸುತ್ತದೆ. ಅದರ ಪ್ರಕಾರ ಚಾಲಕ ಮತ್ತು ಸಹಾಯಕನ ತೂಕ ಇದಕ್ಕೆ ಸೇರುವುದಿಲ್ಲ.

ಒಟ್ಟು ವಾಹನ ತೂಕ ಎಂದರೆ ವಾಹನ ಮತ್ತು ಅದರ ಹೊರೆ ಸೇರಿ ನೋಂದಣಿ ಪ್ರಾಧಿಕಾರವು ಅನುಮತಿಸಿದ ಗರಿಷ್ಠ ತೂಕ. ತೂಕದ ಸೇತುವೆಯಲ್ಲಿ ಕಾಣುವ ಅಂಕಿಗೆ ಇದೇ ಹೆಸರನ್ನು ಬಳಸುವ ರೂಢಿಯಿದ್ದರೂ ಅದು ಸರಿಯಲ್ಲ. ಸೇತುವೆ ತೋರಿಸುವುದು ಆ ಹೊತ್ತಿನ ನೈಜ ತೂಕವನ್ನು, ಆರ್.ಸಿ.ಯಲ್ಲಿರುವುದು ಮಿತಿ. ಮಿತಿಯಿಂದ ಖಾಲಿ ತೂಕವನ್ನು ಕಳೆದಾಗ ಉಳಿಯುವುದು ಪೇಲೋಡ್. ಆದರೆ ಈ ಉಳಿಕೆ ಪೂರ್ತಿ ಸರಕಿಗೆ ದೊರೆಯುವುದಿಲ್ಲ. ಚಾಲಕ, ಸಹಾಯಕ ಹಾಗೂ ನಂತರ ಕಟ್ಟಿಸಿದ ಬಾಡಿ ಇವೆಲ್ಲವೂ ಅದರೊಳಗೇ ಬರುತ್ತವೆ.

ಒಂದು ಲೆಕ್ಕ

ಒಂದು ಪಿಕಪ್‌ನ ಖಾಲಿ ತೂಕ 1,750 ಕಿ.ಗ್ರಾಂ, ಒಟ್ಟು ವಾಹನ ತೂಕ 3,000 ಕಿ.ಗ್ರಾಂ ಎಂದು ಭಾವಿಸೋಣ. ಪೇಲೋಡ್ 1,250 ಕಿ.ಗ್ರಾಂ. ಚಾಲಕ ಮತ್ತು ಸಹಾಯಕನಿಗೆ 140 ಕಿ.ಗ್ರಾಂ ಕಳೆದರೆ 1,110 ಕಿ.ಗ್ರಾಂ ಉಳಿಯುತ್ತದೆ. ಒಂದು ಕೆಂಪು ಕಲ್ಲು 30 ಕಿ.ಗ್ರಾಂ ಇದ್ದರೆ ಈ ವಾಹನವು ಹೊರಬಹುದಾದದ್ದು 37 ಕಲ್ಲುಗಳನ್ನು ಮಾತ್ರ. ಅಷ್ಟು ಕಲ್ಲು ಹೇರಿದಾಗ ಹಿಂಬದಿಯ ತೊಟ್ಟಿ ಬಹುಪಾಲು ಖಾಲಿಯಾಗಿಯೇ ಕಾಣುತ್ತದೆ. ತೊಟ್ಟಿಯ ಜಾಗವನ್ನು ನೋಡಿ ಹೊರೆಯನ್ನು ಅಂದಾಜಿಸುವ ಅಭ್ಯಾಸವು ಹೆಚ್ಚಿನ ಅತಿಭಾರಕ್ಕೆ ಕಾರಣವಾಗುವುದು ಹೀಗೆ. ಕೆಂಪು ಕಲ್ಲು ರಂಧ್ರಮಯವಾದ್ದರಿಂದ ಮಳೆಗಾಲದಲ್ಲಿ ನೀರು ಹೀರಿ ಭಾರವಾಗುತ್ತದೆ. ಅದೇ ಕಲ್ಲು 33 ಕಿ.ಗ್ರಾಂ ಆದರೆ 37 ಕಲ್ಲುಗಳ ಭಾರ 1,221 ಕಿ.ಗ್ರಾಂ ಆಗಿ ಮಿತಿಯನ್ನು 111 ಕಿ.ಗ್ರಾಂ ಮೀರುತ್ತದೆ, ಆಗ ಹೇರಬೇಕಾದದ್ದು 33 ಕಲ್ಲುಗಳನ್ನಷ್ಟೆ.

ಗಂಗೊಳ್ಳಿ ಬಂದರಿನಿಂದ ಮೀನು ಒಯ್ಯಲು ಇದೇ ವಾಹನಕ್ಕೆ 200 ಕಿ.ಗ್ರಾಂ ತೂಕದ ಶಾಖನಿರೋಧಕ ಪೆಟ್ಟಿಗೆಯನ್ನು ಕಟ್ಟಿಸಿದರೆ 910 ಕಿ.ಗ್ರಾಂ ಉಳಿಯುತ್ತದೆ. ಮೀನು ಮತ್ತು ಮಂಜುಗಡ್ಡೆಯನ್ನು ಸಮಪ್ರಮಾಣದಲ್ಲಿ ತುಂಬಿದರೆ ಮೀನಿನ ಪಾಲು ಸುಮಾರು 450 ಕಿ.ಗ್ರಾಂ. ಕ್ರೇಟುಗಳ ತೂಕ ಸೇರಿಸಿದರೆ ಇನ್ನೂ ಕಡಿಮೆ. ದಾರಿಯಲ್ಲಿ ಮಂಜುಗಡ್ಡೆ ಕರಗಿ ನೀರು ಹೊರಹೋದಂತೆ ಭಾರ ಇಳಿಯುತ್ತದೆ; ಆದ್ದರಿಂದ ತೂಕವನ್ನು ಪರಿಶೀಲಿಸಬೇಕಾದದ್ದು ಹೊರಡುವಾಗ.

ಅಚ್ಚಿನ ಮೇಲಿನ ಭಾರ

ಒಟ್ಟು ತೂಕ ಮಿತಿಯೊಳಗಿದ್ದರೂ ಸರಕನ್ನು ಪೂರ್ತಿ ಹಿಂಬದಿಗೆ ಒಟ್ಟಿದರೆ ಹಿಂದಿನ ಅಚ್ಚು (ಆಕ್ಸಲ್) ತನ್ನ ಮಿತಿಯನ್ನು ಮೀರಬಹುದು. ಆಗ ಮುಂದಿನ ಚಕ್ರಗಳ ಮೇಲಿನ ಭಾರ ಕಡಿಮೆಯಾಗಿ ಸ್ಟೀರಿಂಗ್ ಹಗುರಾಗುತ್ತದೆ, ಹಿಂದಿನ ಪಟ್ಟಾಗಳು ಚಪ್ಪಟೆಯಾಗುತ್ತವೆ, ಟೈರುಗಳ ಬದಿ ಉಬ್ಬುತ್ತದೆ. ಕುಂದಾಪುರದಿಂದ ತೀರ್ಥಹಳ್ಳಿಯ ಕಡೆಗೆ ಸಾಗುವ ಬಾಳೆಬರೆ ಘಾಟಿಯಂತಹ ಇಳಿಜಾರುಗಳಲ್ಲಿ ಅತಿಭಾರದ ವಾಹನದ ಬ್ರೇಕುಗಳು ಕಾದು ಹಿಡಿತ ಕಳೆದುಕೊಳ್ಳುವ ಅಪಾಯ ಹೆಚ್ಚು.

ಕೇಂದ್ರ ಸರ್ಕಾರವು 2018ರಲ್ಲಿ ಸರಕು ವಾಹನಗಳ ಅಚ್ಚು ಭಾರದ ಮಿತಿಗಳನ್ನು ಹೆಚ್ಚಿಸಿತು. ನಾಲ್ಕು ಟೈರುಗಳ ಒಂಟಿ ಅಚ್ಚಿನ ಮಿತಿ 10.2 ಟನ್‌ನಿಂದ 11.5 ಟನ್‌ಗೆ ಏರಿತು. ಇದು ಕಾನೂನಿನ ಮೇಲ್ಮಿತಿ ಮಾತ್ರ. ನಿರ್ದಿಷ್ಟ ಲಾರಿಯೊಂದಕ್ಕೆ ಅದರ ಆರ್.ಸಿ.ಯಲ್ಲಿ ನಮೂದಾದ ತೂಕವೇ ಅನ್ವಯಿಸುತ್ತದೆ.

ತೂಕ ಪರಿಶೀಲನೆ ಮತ್ತು ದಂಡ

ವೇ ಬ್ರಿಡ್ಜ್‌ನಲ್ಲಿ ವಾಹನವನ್ನು ಖಾಲಿಯಾಗಿ ಒಮ್ಮೆ, ಹೊರೆಯೊಂದಿಗೆ ಮತ್ತೊಮ್ಮೆ ತೂಗಿದರೆ ವ್ಯತ್ಯಾಸವೇ ಸರಕಿನ ತೂಕ. ಒಮ್ಮೆ ಚಾಲಕ ಒಳಗಿದ್ದು, ಇನ್ನೊಮ್ಮೆ ಕೆಳಗಿಳಿದರೆ ಲೆಕ್ಕ ತಪ್ಪುತ್ತದೆ. ನಡುವೆ ಡೀಸೆಲ್ ತುಂಬಿಸಿದರೂ ಹಾಗೆಯೇ. 60 ಲೀಟರ್ ಡೀಸೆಲ್ ಸುಮಾರು 50 ಕಿ.ಗ್ರಾಂ ತೂಗುತ್ತದೆ. ಅತಿಭಾರವನ್ನು ತಿಳಿಯಲು ಮಾತ್ರ ಹೊರೆಸಹಿತ ತೂಕವನ್ನು ಆರ್.ಸಿ.ಯ ಒಟ್ಟು ವಾಹನ ತೂಕದೊಂದಿಗೆ ಹೋಲಿಸಿದರೆ ಸಾಕು.

2019ರ ತಿದ್ದುಪಡಿಯ ನಂತರ, ಅಧಿನಿಯಮದ 194ನೇ ಕಲಂ ಪ್ರಕಾರ ಅತಿಭಾರಕ್ಕೆ 20,000 ರೂಪಾಯಿ ಹಾಗೂ ಪ್ರತಿ ಹೆಚ್ಚುವರಿ ಟನ್‌ಗೆ 2,000 ರೂಪಾಯಿ ದಂಡವಿದೆ. ಹೆಚ್ಚುವರಿ ಸರಕನ್ನು ಇಳಿಸುವ ಖರ್ಚೂ ತಪ್ಪಿತಸ್ಥರದೇ. ಇಳಿಸುವ ತನಕ ವಾಹನವನ್ನು ಮುಂದೆ ಬಿಡುವಂತಿಲ್ಲ.

ಚಾಲನಾ ಪರವಾನಗಿಗೂ ಈ ಅಳತೆಗೂ ಸಂಬಂಧವಿದೆ. ಒಟ್ಟು ವಾಹನ ತೂಕ 7,500 ಕಿ.ಗ್ರಾಂ ಮೀರದ ಸಾರಿಗೆ ವಾಹನವನ್ನು ಲಘು ಮೋಟಾರು ವಾಹನದ ಪರವಾನಗಿ ಇರುವವರು ಪ್ರತ್ಯೇಕ ಅನುಮೋದನೆಯಿಲ್ಲದೆ ಓಡಿಸಬಹುದೆಂದು ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ತೀರ್ಪಿತ್ತಿದೆ.