ಅಂಚು ಕಳೆದುಕೊಂಡ ಪರದೆ

ಲ್ಯಾಪ್‌ಟಾಪನ್ನು ಎಚ್‌ಡಿಎಂಐ ಕೇಬಲ್ಲಿನಿಂದ ಮನೆಯ ಟಿವಿಗೆ ಜೋಡಿಸಿದೊಡನೆ ಚಿತ್ರವೇನೋ ಮೂಡುತ್ತದೆ. ಆದರೆ ಕೆಳಗಿನ ಟಾಸ್ಕ್‌ಬಾರ್ ಅರ್ಧ ಮರೆಯಾಗಿ, ಎಡಗಡೆಯ ಐಕಾನುಗಳ ಹೆಸರುಗಳು ಮೊದಲಕ್ಷರವನ್ನು ಕಳೆದುಕೊಂಡು, ಉಳಿದ ಅಕ್ಷರಗಳು ಮಂಜು ಕವಿದಂತೆ ಕಾಣುವುದು ಬಹುಮಂದಿಯ ಅನುಭವ. ಚಲನಚಿತ್ರದಲ್ಲಿ ಗಮನಕ್ಕೆ ಬಾರದ ಈ ದೋಷವು ಕನ್ನಡ ಬರೆಹವನ್ನು ತೆರೆದಾಗ ಅಸಹನೀಯವಾಗುತ್ತದೆ. ಏಕೆಂದರೆ ದಕಾರವನ್ನು ಧಕಾರವಾಗಿಸುವ, ಪಕಾರವನ್ನು ಫಕಾರವಾಗಿಸುವ ಆ ಕಿರುಸೀಳು ಪರದೆಯ ಮೇಲೆ ಕೇವಲ ಒಂದೆರಡು ಚುಕ್ಕಿಗಳಷ್ಟೇ ಅಗಲವಾದುದು. ಚುಕ್ಕಿ ಕದಡಿದರೆ ಸೀಳೂ ಅಳಿಯುತ್ತದೆ.

ಅಂಚು ಕತ್ತರಿಸಿಹೋಗುವುದು ಒಂದು ರೋಗ, ಅಕ್ಷರ ಮಸುಕಾಗುವುದು ಮತ್ತೊಂದು ರೋಗ ಎಂದು ಭಾವಿಸುವುದು ಸಹಜವಾದರೂ, ಬಹುಪಾಲು ಸಂದರ್ಭಗಳಲ್ಲಿ ಎರಡಕ್ಕೂ ಮೂಲ ಒಂದೇ. ಹಳೆಯ ಕೊಳವೆಯ ಟಿವಿಗಳಲ್ಲಿ ವಿದ್ಯುತ್ತಿನ ಏರಿಳಿತಕ್ಕೂ ಯಂತ್ರದ ವಯಸ್ಸಿಗೂ ಅನುಸಾರವಾಗಿ ಚಿತ್ರದ ಗಾತ್ರ ಹಿಗ್ಗುತ್ತ ಕುಗ್ಗುತ್ತ ಇದ್ದುದರಿಂದ, ಕಪ್ಪು ಅಂಚು ಕಾಣದಿರಲೆಂದು ಚಿತ್ರವನ್ನು ಪರದೆಗಿಂತ ತುಸು ದೊಡ್ಡದಾಗಿಯೇ ಬಿಡಿಸುತ್ತಿದ್ದರು. ಓವರ್‌ಸ್ಕ್ಯಾನ್ ಎಂಬ ಆ ಪದ್ಧತಿಯು, ಅಂಥ ಏರಿಳಿತವೇ ಇಲ್ಲದ ಇಂದಿನ ಚಪ್ಪಟೆ ಟಿವಿಗಳಲ್ಲಿಯೂ ಅನೇಕ ಕಡೆ ಉಳಿದುಕೊಂಡಿದೆ.

ಲೆಕ್ಕ ಹಾಕಿ ನೋಡೋಣ. ಟಿವಿಯ ಪರದೆಯಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕಿಗಳಿವೆ. ಲ್ಯಾಪ್‌ಟಾಪು ಅಷ್ಟನ್ನೇ ಕಳುಹಿಸುತ್ತಿದೆ. ಟಿವಿಯು ಪ್ರತಿ ಪಕ್ಕದಲ್ಲಿಯೂ ನೂರಕ್ಕೆ ಎರಡೂವರೆ ಪಾಲನ್ನು ಕತ್ತರಿಸಿತೆಂದರೆ, ಎಡಬಲಗಳಲ್ಲಿ 48 ಹಾಗೂ ಮೇಲೆ ಕೆಳಗೆ 27 ಚುಕ್ಕಿಗಳು ಹೋಗಿ, ವಿಂಡೋಸ್ 11ರ 48 ಚುಕ್ಕಿ ಎತ್ತರದ ಟಾಸ್ಕ್‌ಬಾರಿನಲ್ಲಿ ಅರ್ಧಕ್ಕಿಂತ ಹೆಚ್ಚು ಮಾಯವಾಗುತ್ತದೆ. ಉಳಿದ 1824×1026 ಚುಕ್ಕಿಗಳನ್ನು ಟಿವಿಯು ಮತ್ತೆ 1920×1080ಕ್ಕೆ ಎಳೆದು ಹರಡುತ್ತದೆ. ಹತ್ತೊಂಬತ್ತು ಚುಕ್ಕಿಗೆಂದು ಎಳೆದ ರಂಗೋಲಿಯನ್ನು ಇಪ್ಪತ್ತು ಚುಕ್ಕಿಯಿಟ್ಟ ಅಂಗಳಕ್ಕೆ ಹಿಗ್ಗಿಸಿದರೆ ಗೆರೆಗಳು ಚುಕ್ಕಿಗಳ ನಡುವೆ ಬೀಳುವಂತೆ, ಇಲ್ಲಿಯೂ ಒಂದು ಕಪ್ಪು ಚುಕ್ಕಿ ಎರಡು ಬೂದು ಚುಕ್ಕಿಗಳಾಗಿ ಹಂಚಿಹೋಗುತ್ತದೆ.

ಆದಕಾರಣ ಚಿಕಿತ್ಸೆಯು ಟಿವಿಯಿಂದಲೇ ಆರಂಭವಾಗತಕ್ಕದ್ದು. ಟಿವಿಯ ರಿಮೋಟಿನಲ್ಲಿ ಚಿತ್ರದ ಗಾತ್ರ ಅಥವಾ ಆಸ್ಪೆಕ್ಟ್ ಎಂಬ ವಿಭಾಗವನ್ನು ತೆರೆದರೆ, ತಯಾರಕರ ಇಚ್ಛೆಗೆ ತಕ್ಕಂತೆ Just Scan, Screen Fit, Full Pixel, Dot by Dot ಮುಂತಾದ ಹೆಸರುಗಳಲ್ಲೊಂದು ಸಿಕ್ಕೀತು. ಎಲ್ಲದರ ಅರ್ಥವೂ ಚುಕ್ಕಿಗೆ ಚುಕ್ಕಿ ಎಂದೇ. ಕೆಲವು ಟಿವಿಗಳಲ್ಲಿ ಆ ಎಚ್‌ಡಿಎಂಐ ದ್ವಾರದ ಹೆಸರನ್ನು PC ಎಂದು ಬದಲಿಸಿದರೂ ಇದೇ ಫಲ ದೊರೆಯುತ್ತದೆ. ಲ್ಯಾಪ್‌ಟಾಪಿನ ಗ್ರಾಫಿಕ್ಸ್ ತಂತ್ರಾಂಶದಲ್ಲಿ ಚಿತ್ರವನ್ನು ಕುಗ್ಗಿಸುವ ಅನುಕೂಲವೂ ಉಂಟು; ಅದನ್ನು ಕೊನೆಯ ಉಪಾಯವಾಗಿ ಮಾತ್ರ ಬಳಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಲ್ಯಾಪ್‌ಟಾಪು ಒಮ್ಮೆ ಕುಗ್ಗಿಸಿದ್ದನ್ನು ಟಿವಿಯು ಮತ್ತೊಮ್ಮೆ ಹಿಗ್ಗಿಸುವುದರಿಂದ ಅಂಚೇನೋ ಮರಳಿ ಬರುತ್ತದೆ, ಅಕ್ಷರಗಳು ಮಾತ್ರ ಮೊದಲಿಗಿಂತಲೂ ಕೆಡುತ್ತವೆ.

ಅಂಚು ಸರಿಹೋದ ಮೇಲೆಯೂ ಮಸುಕು ಉಳಿದಿದ್ದರೆ, ದೃಷ್ಟಿಯನ್ನು ಲ್ಯಾಪ್‌ಟಾಪಿನತ್ತ ತಿರುಗಿಸಬೇಕು. ಅದರ ಸ್ವಂತ ಪರದೆ 1366×768ರದ್ದಾಗಿದ್ದು, ಎರಡು ಪರದೆಗಳಲ್ಲಿಯೂ ಒಂದೇ ಚಿತ್ರವನ್ನು ತೋರುವ Duplicate ಆಯ್ಕೆಯಲ್ಲಿದ್ದರೆ, ಟಿವಿಯ ದೊಡ್ಡ ಪರದೆಯೂ ಆ ಚಿಕ್ಕ ಅಳತೆಗೇ ಕಟ್ಟುಬೀಳಬಹುದು. ವಿಂಡೋಸ್ ಕೀಲಿಯೊಡನೆ P ಒತ್ತಿ Second screen only ಆರಿಸಿದರೆ ಆ ಬಂಧನ ಕಳಚುತ್ತದೆ. ತದನಂತರ Settings, System, Display ಎಂಬ ಕ್ರಮದಲ್ಲಿ ಹೋಗಿ 1920×1080 ಆರಿಸಿ, Advanced display ಪುಟದಲ್ಲಿ Desktop mode, Active signal mode ಎಂಬ ಎರಡು ಸಾಲುಗಳೂ ಅದೇ ಅಂಕಿಯನ್ನು ತೋರುತ್ತಿವೆಯೇ ಎಂದು ನೋಡಬೇಕು. ಎರಡೂ ಬೇರೆ ಬೇರೆಯಾಗಿದ್ದರೆ, ನಡುವೆ ಎಲ್ಲಿಯೋ ಹಿಗ್ಗಿಸುವ ಕೆಲಸ ನಡೆದಿದೆಯೆಂದೇ ತಿಳಿಯತಕ್ಕದ್ದು.

ಈಗ ಅಕ್ಷರಗಳು ಸ್ಫುಟವಾಗಿದ್ದರೂ ಸೋಫಾದ ಮೇಲೆ ಕುಳಿತು ಓದಲಾರದಷ್ಟು ಸಣ್ಣದಾಗಿ ಕಾಣುತ್ತವೆ. ಆಗ ರೆಸಲ್ಯೂಷನ್ ಅನ್ನು ಇಳಿಸಿಬಿಡುವ ಮನಸ್ಸಾಗುವುದುಂಟು, ಹಾಗೆ ಮಾಡಿದೊಡನೆ ಗಳಿಸಿದ್ದೆಲ್ಲವೂ ನಷ್ಟವಾಗುತ್ತದೆ. Display ಪುಟದ Scale ಎಂಬುದನ್ನು 150%ಕ್ಕೆ ಏರಿಸುವುದೇ ಯುಕ್ತ. ರೆಸಲ್ಯೂಷನ್ ಇಳಿಸಿದಾಗ ಸಣ್ಣ ಚಿತ್ರವೊಂದು ಹಿಗ್ಗುತ್ತದೆ; ಸ್ಕೇಲ್ ಏರಿಸಿದಾಗಲಾದರೋ, ಪರದೆಯ ಸಮಸ್ತ ಚುಕ್ಕಿಗಳನ್ನೂ ಬಳಸಿಕೊಂಡು ಅಕ್ಷರವೇ ಹೊಸದಾಗಿ ದೊಡ್ಡದಾಗಿ ಬರೆಯಲ್ಪಡುತ್ತದೆ. ಬದಲಾವಣೆಯ ತರುವಾಯ ಕೆಲವು ಹಳೆಯ ತಂತ್ರಾಂಶಗಳು ಮಸುಕಾಗಿಯೇ ಉಳಿದರೆ ಒಮ್ಮೆ ಸೈನ್ ಔಟ್ ಆಗಿ ಮರಳಿ ಬರಬೇಕು.

ಇಷ್ಟಾದರೂ ಒಂದು ಬಗೆಯ ಟಿವಿಯಲ್ಲಿ ಈ ಪ್ರಯತ್ನಕ್ಕೆ ಮಿತಿಯುಂಟು. 32 ಇಂಚಿನ ಅನೇಕ ಎಚ್‌ಡಿ ರೆಡಿ ಟಿವಿಗಳು 1920×1080ರ ಚಿತ್ರವನ್ನು ಸ್ವೀಕರಿಸುತ್ತವೆಯಾದರೂ ಅವುಗಳ ಪರದೆಯಲ್ಲಿರುವುದು 1366×768 ಚುಕ್ಕಿಗಳು ಮಾತ್ರ. ಬಂದುದನ್ನೆಲ್ಲ ಅವು ಒಳಗೇ ಕುಗ್ಗಿಸಿಕೊಳ್ಳುತ್ತವೆ. ವಿಂಡೋಸಿನ ಪಟ್ಟಿಯಲ್ಲಿ 1366×768 ಅಥವಾ 1360×768 ಇದ್ದರೆ ಅದನ್ನೇ ಆರಿಸಿ, ಟಿವಿಯ ಶಾರ್ಪ್‌ನೆಸ್ ಇಳಿಸಿದಾಗ ಅಕ್ಷರಗಳ ಸುತ್ತಣ ಬಿಳಿಯ ಪ್ರಭೆ ಅಡಗುವುದುಂಟು. ಆ ಅಂಕಿಗಳು ಪಟ್ಟಿಯಲ್ಲೇ ಇಲ್ಲದಿದ್ದರೆ, ಸ್ಕೇಲ್ ಏರಿಸಿ ಅಕ್ಷರವನ್ನು ದಪ್ಪವಾಗಿಸಿಕೊಳ್ಳುವುದಕ್ಕಿಂತ ಹೆಚ್ಚಿನದನ್ನು ಆ ಪರದೆಯಿಂದ ಪಡೆಯಲಾಗದು.