ಡಿಸ್ಕ್ 100%, ವೇಗ ಮಾತ್ರ ಸೊನ್ನೆ

ಲ್ಯಾಪ್‌ಟಾಪ್ ಹ್ಯಾಂಗ್ ಆಗುತ್ತದೆ ಅನ್ನುವವರನ್ನು ಮೊದಲು ಕೇಳಬೇಕಾದ ಪ್ರಶ್ನೆ: ಆಗ ಮೌಸ್‌ನ ಬಾಣ ಓಡಾಡುತ್ತದೆಯೇ? ಬಾಣ ಓಡಾಡಿಯೂ ಕ್ಲಿಕ್ ಕೆಲಸ ಮಾಡದೆ, ಅರ್ಧ ನಿಮಿಷದ ನಂತರ ಒತ್ತಿದ್ದೆಲ್ಲ ಒಟ್ಟಿಗೆ ತೆರೆದುಕೊಂಡರೆ ಯಂತ್ರ ಯಾವುದಕ್ಕೋ ಕಾಯುತ್ತಿದೆ ಎಂದರ್ಥ. ಹೆಚ್ಚಾಗಿ ಅದು ಡಿಸ್ಕ್. ಬಾಣವೂ ನಿಂತು, ಪವರ್ ಬಟನ್ ಒತ್ತಿ ಹಿಡಿಯದೆ ಬೇರೆ ದಾರಿಯೇ ಇಲ್ಲವಾದರೆ ರ್‍ಯಾಮ್, ಡ್ರೈವರ್ ಅಥವಾ ಬಿಸಿಯ ಮೇಲೆ ಅನುಮಾನ ಪಡಬೇಕು.

ಪರಿಚಯದ ಅಕೌಂಟೆಂಟ್ ಒಬ್ಬರದು ಮೊದಲ ಬಗೆಯದು. ಹಳೆಯ ಹಾರ್ಡ್ ಡಿಸ್ಕ್, 8 ಜಿಬಿ ರ್‍ಯಾಮ್, ಮೇಲಾಗಿ ವಿಂಡೋಸ್ ಅಪ್‌ಡೇಟ್ ಪ್ರತಿ ಸಲವೂ ಫೇಲ್. Ctrl+Shift+Esc ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು, ಸ್ಟಾರ್ಟಪ್ ಪಟ್ಟಿಯಲ್ಲಿದ್ದ ಚಾಟ್, ಗೇಮ್, ಪ್ರಿಂಟರ್ ಸಹಾಯಕಗಳನ್ನು ಡಿಸೇಬಲ್ ಮಾಡಿದೆವು. ಆನ್ ಆಗುವುದು ಚುರುಕಾಯಿತು, ಮಧ್ಯಾಹ್ನದ ಹ್ಯಾಂಗ್ ಹೋಗಲಿಲ್ಲ. ಸ್ಟಾರ್ಟಪ್‌ನ ಹೊರೆ ಹೆಚ್ಚಾಗಿ ಮೊದಲ ಕೆಲವು ನಿಮಿಷಗಳದ್ದು.

ಮೆಮೊರಿ 60%ರ ಆಸುಪಾಸಿನಲ್ಲಿತ್ತು. ಅದು 90% ದಾಟಿದ್ದರೆ ವಿಂಡೋಸ್ ಡಿಸ್ಕನ್ನೇ ರ್‍ಯಾಮ್‌ನಂತೆ ಬಳಸತೊಡಗಿ, ಡಿಸ್ಕೇ ತಪ್ಪಿತಸ್ಥನಂತೆ ಕಾಣುತ್ತಿತ್ತು. ರ್‍ಯಾಮ್ ಕೆಟ್ಟಿರುವ ಅನುಮಾನವಿದ್ದರೆ mdsched.exe ಓಡಿಸಿ ನೋಡಬಹುದು. ಆದರೆ ಒಮ್ಮೆ ಪಾಸ್ ಆಯಿತೆಂದು ಪೂರ್ತಿ ನಂಬುವಂತಿಲ್ಲ.

ಹ್ಯಾಂಗ್ ಆದ ಹೊತ್ತಿಗೆ ಪರ್ಫಾರ್ಮೆನ್ಸ್‌ನಲ್ಲಿ ಡಿಸ್ಕ್ ನೋಡಿದಾಗ ಗುಟ್ಟು ಸಿಕ್ಕಿತು. ಬಳಕೆ 100%, ಓದುವ ವೇಗ ಮಾತ್ರ ಸೊನ್ನೆಯ ಹತ್ತಿರ, ಸರಾಸರಿ ಪ್ರತಿಕ್ರಿಯೆ ಸಮಯ ಸಾವಿರಾರು ಮಿಲಿಸೆಕೆಂಡ್. ಆರೋಗ್ಯವಂತ ಹಾರ್ಡ್ ಡಿಸ್ಕಿಗೆ ಒಂದು ಓದಿಗೆ ಹತ್ತಿಪ್ಪತ್ತು ಮಿಲಿಸೆಕೆಂಡ್ ಸಾಕು. ಓದಲಾಗದ ಒಂದೇ ಜಾಗವನ್ನು ಡಿಸ್ಕ್ ಮತ್ತೆ ಮತ್ತೆ ಓದಲು ಹೆಣಗುತ್ತಿತ್ತು. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶ ಹಳದಿ ಬಣ್ಣದಲ್ಲಿ Caution ಎಂದಿತು. ಓದಲಾಗದೆ ಬಾಕಿ ಉಳಿದ ಸೆಕ್ಟರ್‌ಗಳನ್ನು ಎಣಿಸುವ C5 ಸಾಲು ಸೊನ್ನೆಯಾಗಿರಲಿಲ್ಲ. ಈವೆಂಟ್ ವ್ಯೂವರ್‌ನ ಸಿಸ್ಟಮ್ ಲಾಗ್‌ನಲ್ಲೂ disk ಹೆಸರಿನ 7ನೇ ನಂಬರಿನ ದೋಷಗಳು ಸಾಲುಗಟ್ಟಿದ್ದವು. ಬ್ಯಾಡ್ ಬ್ಲಾಕ್ ಸಿಕ್ಕಾಗ ಬೀಳುವ ದಾಖಲೆ ಅದು.

ಅಪ್‌ಡೇಟ್ ಹಿಸ್ಟರಿಯಲ್ಲಿದ್ದ 0x80070570ಕ್ಕೂ ಈಗ ಅರ್ಥ ಬಂತು: ಫೈಲು ಕೆಟ್ಟಿದೆ, ಓದಲಾಗುತ್ತಿಲ್ಲ. ಇಂಥ ಕಡೆ ಅಪ್‌ಡೇಟನ್ನೇ ರಿಪೇರಿ ಮಾಡಲು ಕೂರುವುದು ವ್ಯರ್ಥ. chkdsk /r ಕೂಡ ಸಾಯುತ್ತಿರುವ ಡಿಸ್ಕನ್ನು ಉದ್ದಕ್ಕೂ ಓದಿಸಿ ಮತ್ತಷ್ಟು ದಣಿಸುತ್ತದೆ. ಅಂಗಡಿಯವರು ಹೇಳುವ ಫಾರ್ಮ್ಯಾಟ್‌ನಿಂದಲೂ ಡಿಸ್ಕ್ ಹೊಸದಾಗುವುದಿಲ್ಲ. ಮೊದಲು ಲೆಕ್ಕದ ಫೈಲುಗಳನ್ನು ಹೊರಗಿನ ಡ್ರೈವ್‌ಗೆ ಕಾಪಿ ಮಾಡಿಕೊಂಡೆವು, ಆಮೇಲೆ ಎಸ್‌ಎಸ್‌ಡಿ ಹಾಕಿಸಿ ವಿಂಡೋಸನ್ನು ಹೊಸದಾಗಿ ಇನ್‌ಸ್ಟಾಲ್ ಮಾಡಿದೆವು. ಅಪ್‌ಡೇಟ್ ತಕರಾರಿಲ್ಲದೆ ಮುಗಿಯಿತು.

ಡಿಸ್ಕ್ ಚೆನ್ನಾಗಿದ್ದೂ ಅಪ್‌ಡೇಟ್ ಫೇಲ್ ಆಗುತ್ತಿದ್ದರೆ ಆಗ ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಇವನ್ನು ಇದೇ ಕ್ರಮದಲ್ಲಿ ಓಡಿಸಬೇಕು:

```
DISM /Online /Cleanup-Image /RestoreHealth
sfc /scannow
```

ಮೊದಲನೆಯದು ವಿಂಡೋಸ್‌ನ ಮೂಲ ಫೈಲುಗಳ ಸಂಗ್ರಹವನ್ನು ಸರಿಪಡಿಸುತ್ತದೆ, ಎರಡನೆಯದು ಆ ಸಂಗ್ರಹದಿಂದಲೇ ಕೆಟ್ಟ ಫೈಲುಗಳನ್ನು ಬದಲಿಸುತ್ತದೆ.