ಪಾಲು ಬರೆದರೆ ಸಾಲದು, ಗಳಿಸಬೇಕು

ಬೆಂಗಳೂರಿನ ಇಬ್ಬರು ಗೆಳತಿಯರು ಕಂಪನಿ ಕಟ್ಟುತ್ತಾರೆ ಎಂದುಕೊಳ್ಳಿ. ಒಟ್ಟು 10,000 ಷೇರು. ಕೆಲಸ ಬಿಟ್ಟು ಪೂರ್ಣಾವಧಿ ಇಳಿದವಳಿಗೆ 6,000, ಇನ್ನೊಬ್ಬಳಿಗೆ 4,000. ಒಂದೂವರೆ ವರ್ಷಕ್ಕೆ ಎರಡನೆಯವಳು ಹೊರನಡೆದರೆ? ಬೇರೇನೂ ಬರೆದುಕೊಂಡಿರದಿದ್ದರೆ ಆ 4,000 ಷೇರೂ ಅವಳದೇ. ದುಡಿಯುವವಳು ಒಬ್ಬಳು, ನೂರಕ್ಕೆ ನಲವತ್ತರ ಒಡೆತನ ಹೊರಗಿದ್ದವಳದು. ಇಂಥ ಕಂಪನಿಗೆ ಹಣ ಹೂಡಲು ಹೂಡಿಕೆದಾರರು ಹಿಂಜರಿಯುತ್ತಾರೆ.

ಇದನ್ನು ತಡೆಯುವ ಒಪ್ಪಂದವೇ ವೆಸ್ಟಿಂಗ್. ರೂಢಿಯಲ್ಲಿರುವ ಅವಧಿ 4 ವರ್ಷ, ಅಂದರೆ 48 ತಿಂಗಳು. ಮೊದಲ 12 ತಿಂಗಳು ‘ಕ್ಲಿಫ್’: ಅದರೊಳಗೆ ಬಿಟ್ಟುಹೋದರೆ ಏನೂ ಸಿಗದು. ವರ್ಷ ತುಂಬಿದ ದಿನ ಕಾಲುಭಾಗ ಕೈಸೇರುತ್ತದೆ. ಆಮೇಲೆ ತಿಂಗಳು ತಿಂಗಳೂ ಉಳಿದದ್ದು. 18ನೇ ತಿಂಗಳ ಕೊನೆಗೆ ಹೊರಟವಳು ಗಳಿಸಿದ್ದು 4,000ದಲ್ಲಿ 48ಕ್ಕೆ 18 ಭಾಗ, ಅಂದರೆ 1,500. ಉಳಿದ 2,500 ಷೇರುಗಳನ್ನು ಅವಳು ಮೊದಲೇ ಗೊತ್ತುಮಾಡಿದ ಬೆಲೆಗೆ ಬಿಟ್ಟುಕೊಡಬೇಕು.

ನಮ್ಮಲ್ಲಿ ಸಂಸ್ಥಾಪಕರ ಹೆಸರಿಗೆ ಷೇರು ಸಾಮಾನ್ಯವಾಗಿ ಮೊದಲೇ ಬಂದಿರುತ್ತದೆ. ಹಾಗಾಗಿ ಬಿಟ್ಟುಕೊಡುವ ಷರತ್ತು ಸಂಸ್ಥಾಪಕರ ಒಪ್ಪಂದದಲ್ಲಷ್ಟೇ ಇದ್ದರೆ ಸಾಲದು, ಕಂಪನಿಯ ಆರ್ಟಿಕಲ್ಸ್ ಆಫ್ ಅಸೋಸಿಯೇಷನ್‌ನಲ್ಲೂ ಇರಬೇಕು. ಅಲ್ಲಿಲ್ಲದ ವರ್ಗಾವಣೆ ನಿರ್ಬಂಧ ಕಂಪನಿಯನ್ನು ಕಟ್ಟಿಹಾಕದು ಎಂದು ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿದೆ. ಕಾಯಿಲೆಯಿಂದ ಬಿಟ್ಟವರಿಗೂ ಮೋಸ ಮಾಡಿ ಹೋದವರಿಗೂ ಬೆಲೆ ಬೇರೆಯಿರಲಿ. ಅದನ್ನು ಸ್ನೇಹ ಚೆನ್ನಾಗಿರುವಾಗಲೇ ಬರೆದಿಡಿ.